ಕಾರ್ಖಾನೆಗೆ ನೆನಪೋಲೆ

(ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ ಕಬ್ಬು ಬೆಳೆಗಾರರ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಕಬ್ಬು ಬೆಳೆಯುವುದು ಹೇಗೆಂದು ನಿಮಗೆ ಹೇಳುವ ವಯಸ್ಸೂ ನನ್ನದಲ್ಲ, ಅನುಭವವೂ ನನ್ನದಲ್ಲ. ನನ್ನ ಕಸುಬು ಬರೆಯುವುದು. ಆದ್ದರಿಂದ ಕಬ್ಬು ಕಾರ್ಖಾನೆಗೆ ಹೋದ ಮೇಲೆ ಬೇಕಾಗುವ ಒಂದು ಕಾಗದದ ಬಗ್ಗೆ ಮಾತ್ರ ಮಾತಾಡುತ್ತೇನೆ. ಹಣ ಬಾಕಿ ಉಳಿದಿದೆ, ಒಂದು ಸಲ ಪತ್ರ ಕೊಟ್ಟಾಗಿದೆ, ಉತ್ತರ ಬಂದಿಲ್ಲ. ಈಗ ಎರಡನೆಯ ಪತ್ರ ಬರೆಯಬೇಕು. ಕಚೇರಿಗಳ ಕನ್ನಡದಲ್ಲಿ ಇದಕ್ಕೆ ‘ನೆನಪೋಲೆ’ ಎನ್ನುತ್ತಾರೆ.

ಭೀಮಾ ನದಿಯ ನೀರು ಬಂದ ಮೇಲೆ ಈ ಭಾಗದಲ್ಲಿ ತೊಗರಿಯ ಜೊತೆಗೆ ಕಬ್ಬೂ ಬೇರೂರಿದೆ. ಅಫಜಲಪುರ ತಾಲೂಕಿನ ಹವಳಗಾದಲ್ಲಿ, ಆಳಂದ ತಾಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ನಾನು ಮುಂದೆ ಹೇಳುವ ಲೆಕ್ಕ ಉದಾಹರಣೆಗಾಗಿ ಕಟ್ಟಿದ್ದು. ಅದು ಯಾವ ಕಾರ್ಖಾನೆಯ ಮೇಲಿನ ದೂರೂ ಅಲ್ಲ.

ಮೊದಲ ಪತ್ರಕ್ಕಿಂತ ಎರಡನೆಯದು ಕಷ್ಟ. ಮೊದಲನೆಯದರಲ್ಲಿ ವಿಷಯ ತಿಳಿಸಿದರೆ ಸಾಕು. ಎರಡನೆಯದನ್ನು ಬರೆಯುವ ಹೊತ್ತಿಗೆ ಮನಸ್ಸಿನಲ್ಲಿ ಸಿಟ್ಟು ಬಂದಿರುತ್ತದೆ, ಇಲ್ಲವೆ ಅಂಜಿಕೆ ಬಂದಿರುತ್ತದೆ. ನಮ್ಮ ಕಡೆ ದಿನವೂ ಬಳಸುವ ‘ತಕರಾರು’ ಎಂಬ ಮಾತನ್ನೇ ನೋಡಿ. ಅರಬ್ಬಿಯಲ್ಲಿ ಅದರ ಮೂಲ ಅರ್ಥ ‘ಮತ್ತೆ ಹೇಳುವುದು’ ಎಂದಷ್ಟೆ. ಉರ್ದುವಿನಲ್ಲಿ ಅದಕ್ಕೆ ಜಗಳದ ಅರ್ಥ ಬಂದು, ನಮ್ಮಲ್ಲಿ ಆಕ್ಷೇಪದ ಅರ್ಥ ನಿಂತಿದೆ. ಮತ್ತೆ ಹೇಳುವ ಮಾತು ಜಗಳವಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಈ ಹೊತ್ತಿನಲ್ಲಿ ಬರೆಯುವ ಪತ್ರಗಳು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಕೆಡುತ್ತವೆ. ಒಂದು ಬಗೆ ಹೀಗಿರುತ್ತದೆ: “ಸನ್ಮಾನ್ಯ ಧಣಿಗಳ ಪಾದಗಳಿಗೆ ನಮಸ್ಕರಿಸಿ ಬಡ ರೈತನಾದ ನಾನು ಬೇಡಿಕೊಳ್ಳುವುದೇನೆಂದರೆ, ತಾವು ದಯೆತೋರಿ ನನ್ನ ಮೇಲೆ ಕೃಪೆ ಮಾಡಿ ಹಣ ಕೊಡಿಸಬೇಕು.” ಇನ್ನೊಂದು ಬಗೆ: “ನಿಮ್ಮ ಕಾರ್ಖಾನೆಯವರು ರೈತರನ್ನು ಏನೆಂದು ತಿಳಿದಿದ್ದೀರಿ? ಎಂಟು ದಿನದಲ್ಲಿ ಹಣ ಕೊಡತಕ್ಕದ್ದು.” ಎರಡರಲ್ಲಿಯೂ ಎಷ್ಟು ಹಣ, ಯಾವ ತಾರೀಖಿನ ಕಬ್ಬು, ಮೊದಲ ಪತ್ರ ಯಾವಾಗ ಕೊಟ್ಟದ್ದು ಎಂಬುದಿಲ್ಲ. ಮೊದಲನೆಯದನ್ನು ಓದಿದವರು ಇದೊಂದು ಸಹಾಯದ ಅರ್ಜಿ ಎಂದು ಪಕ್ಕಕ್ಕಿಡುತ್ತಾರೆ. ಎರಡನೆಯದನ್ನು ಓದಿದವರಿಗೆ ವಿಷಯ ಬಿಟ್ಟು ಭಾಷೆಯ ಮೇಲೆ ಮಾತಾಡಲು ಅವಕಾಶ ಸಿಗುತ್ತದೆ.

ಕಬ್ಬಿನ ಹಣ ಕೃಪೆಯಲ್ಲ ಎಂದು ಹೇಳಲು ಆಧಾರವಿದೆ. ಕೇಂದ್ರ ಸರ್ಕಾರದ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿಸಿದ ದಿನದಿಂದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ಅಷ್ಟು ದಿನಕ್ಕೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು. ಇಲ್ಲೊಂದು ಎಚ್ಚರವಿದೆ. ರೈತರೂ ಕಾರ್ಖಾನೆಯೂ ಬರಹದಲ್ಲಿ ಬೇರೆ ಒಪ್ಪಂದ ಮಾಡಿಕೊಂಡಿದ್ದರೆ 14 ದಿನಗಳ ಮಾತು ಬದಲಾಗುತ್ತದೆ. ಹಂಗಾಮಿನ ಆರಂಭದಲ್ಲಿ ಸಹಿ ಮಾಡಿದ ಕಾಗದದಲ್ಲಿ ಹಣ ಕೊಡುವ ಅವಧಿ ಏನೆಂದು ಬರೆದಿದೆ, ಅದನ್ನು ಮೊದಲು ಓದಿ ನೋಡಿರಿ. ಆಮೇಲೆ ಪೆನ್ನು ಹಿಡಿಯಿರಿ.

ಈಗ ಗೌರವದ ಮಾತಿಗೆ ಬರೋಣ. ನಮ್ಮ ಕಲಬುರಗಿ ಕಡೆಯ ಆಡುಮಾತಿನಲ್ಲಿ ಗೌರವವೆಲ್ಲ ‘ರೀ’ ಎಂಬ ಒಂದೇ ಅಕ್ಷರದಲ್ಲಿದೆ. “ಬರ್ರಿ”, “ಕೊಡ್ರಿ”, “ಹೌದ್ರಿ” ಎಂದರೆ ಮುಗಿಯಿತು. ಜಗಳದಲ್ಲಿಯೂ “ಹಂಗಲ್ರಿ” ಎಂದು ಶುರುಮಾಡಿದರೆ ಎದುರಿನವರು ಸ್ವಲ್ಪ ತಣ್ಣಗಾಗುತ್ತಾರೆ. ಆದರೆ ಕಾಗದದ ಮೇಲೆ ‘ರೀ’ ನಿಲ್ಲುವುದಿಲ್ಲ. ಅದು ಮಾಡುತ್ತಿದ್ದ ಕೆಲಸವನ್ನು ಬರಹದಲ್ಲಿ ಸರ್ವನಾಮ ಮತ್ತು ಕ್ರಿಯಾಪದ ಎರಡೂ ಸೇರಿ ಮಾಡಬೇಕಾಗುತ್ತದೆ. ಆ ಕೆಲಸ ಆಗದಿದ್ದಾಗಲೇ ಜನ ‘ಸನ್ಮಾನ್ಯ’, ‘ಪಾದ’, ‘ಕೃಪೆ’ ಎಂದು ಮೇಲಿಂದ ಮೇಲೆ ಪದ ಪೇರಿಸುವುದು.

ಸರ್ವನಾಮ ‘ತಾವು’ ಇರಲಿ. ‘ನೀವು’ ತಪ್ಪಲ್ಲ. ಆದರೆ ಪರಿಚಯವಿಲ್ಲದ ಅಧಿಕಾರಿಗೆ ಬರೆಯುವಾಗ ‘ತಾವು’ ರೂಢಿ. ಮುಖ್ಯವಾದ ಸಂಗತಿಯೆಂದರೆ ಯಾವುದನ್ನು ಹಿಡಿದರೂ ಕೊನೆಯವರೆಗೆ ಅದನ್ನೇ ಹಿಡಿಯಬೇಕು. ಮೊದಲ ಸಾಲಿನಲ್ಲಿ “ತಾವು ತಿಳಿದಂತೆ” ಎಂದು ಬರೆದು, ಮೂರನೆಯ ಸಾಲಿನಲ್ಲಿ “ನಿಮ್ಮ ಕಾರ್ಖಾನೆ” ಎಂದು, ಕೊನೆಗೆ ಮತ್ತೆ “ತಮ್ಮಲ್ಲಿ ಕೋರಿಕೆ” ಎಂದರೆ ಓದುವವರಿಗೆ ಬರೆದವರ ಸಿಟ್ಟು ಏರಿ ಇಳಿದದ್ದು ಕಾಣುತ್ತದೆ.

‘ತಾವು’ ಬಳಸುವಾಗ ಒಂದು ತೊಡಕಿದೆ. ‘ತಮ್ಮ’ ಎಂದರೆ ಎದುರಿನವರದು ಎಂದೂ ಆಗುತ್ತದೆ, ಮೂರನೆಯವರು ಅವರವರದೇ ಎಂದೂ ಆಗುತ್ತದೆ. “ಲೆಕ್ಕ ವಿಭಾಗದವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ” ಎಂದರೆ ಯಾರ ಪುಸ್ತಕ? ವ್ಯವಸ್ಥಾಪಕರದೋ, ಲೆಕ್ಕ ವಿಭಾಗದ್ದೋ? ಹಣದ ಪತ್ರದಲ್ಲಿ ಇಂಥ ಅನುಮಾನ ಬೇಡ. ಅಲ್ಲಿ ಸರ್ವನಾಮ ಬಿಟ್ಟು ಹೆಸರನ್ನೇ ಹೇಳಿರಿ: “ಲೆಕ್ಕ ವಿಭಾಗದ ಪುಸ್ತಕದಲ್ಲಿ ಬರೆಯಲಾಗಿದೆ.”

ಇನ್ನು ಕ್ರಿಯಾಪದ. “ಪಾವತಿಸಿರಿ” ಎನ್ನುವುದು ಗೌರವದ ಆಜ್ಞೆ. “ಪಾವತಿಸಬೇಕು” ಎನ್ನುವುದು ಹಕ್ಕಿನ ಮಾತು. “ಪಾವತಿಸಬೇಕೆಂದು ಕೋರುತ್ತೇನೆ” ಎನ್ನುವುದರಲ್ಲಿ ಹಕ್ಕೂ ಇದೆ, ವಿನಯವೂ ಇದೆ. ನೆನಪೋಲೆಗೆ ಒಪ್ಪುವುದು ಇದು. ‘ಬೇಡಿಕೊಳ್ಳುತ್ತೇನೆ’ ಎಂದರೆ ಕೊಡುವುದು ಬಿಡುವುದು ಅವರ ಇಚ್ಛೆ ಎಂದು ನಾವೇ ಒಪ್ಪಿದಂತೆ. ‘ಒತ್ತಾಯಿಸುತ್ತೇನೆ’, ‘ಆಗ್ರಹಿಸುತ್ತೇನೆ’ ಎಂಬ ಮಾತುಗಳು ಮುಂದಿನ ಪತ್ರಕ್ಕೆ ಇರಲಿ. ಅವನ್ನು ಈಗಲೇ ಖರ್ಚು ಮಾಡಿದರೆ ಆಮೇಲೆ ಹೇಳಲು ಮಾತು ಉಳಿಯುವುದಿಲ್ಲ.

‘ಕೊಡತಕ್ಕದ್ದು’, ‘ಹಾಜರಾಗತಕ್ಕದ್ದು’, ‘ಕ್ರಮ ಕೈಗೊಳ್ಳುವುದು’ ಎಂಬ ರೂಪಗಳನ್ನು ನಾವು ತಹಸೀಲ್ ಕಚೇರಿಯ ನೋಟಿಸಿನಲ್ಲಿ ಓದಿ ಓದಿ, ಕಚೇರಿಯ ಭಾಷೆಯೆಂದರೆ ಇದೇ ಎಂದು ತಿಳಿದಿದ್ದೇವೆ. ಅದು ಮೇಲಿನವರು ಕೆಳಗಿನವರಿಗೆ ಅಪ್ಪಣೆ ಕೊಡುವ ಭಾಷೆ. ಕಾಯಿದೆಯ ಪುಸ್ತಕಕ್ಕೂ ಅದು ಸರಿ. ರೈತನೂ ಕಾರ್ಖಾನೆಯೂ ಮಾರುವವರು ಮತ್ತು ಕೊಳ್ಳುವವರು. ಅಲ್ಲಿ ಒಬ್ಬರ ಮೇಲೆ ಒಬ್ಬರಿಗೆ ಅಧಿಕಾರವಿಲ್ಲ. ಆದಕಾರಣ ಆ ರೂಪ ನಮಗೂ ಬೇಡ, ಅವರೂ ನಮಗೆ ಬರೆಯುವ ಹಾಗಿಲ್ಲ.

ಕ್ರಿಯಾಪದದ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. “ಕಾರ್ಖಾನೆಯವರು ಹಣ ಕೊಟ್ಟಿಲ್ಲ” ಎಂದು ಬರೆದರೆ ವ್ಯಕ್ತಿಗಳ ಮೇಲೆ ಮಾತು ಬಿದ್ದಂತಾಗುತ್ತದೆ. ಪತ್ರ ಓದುವ ಅಧಿಕಾರಿ ಹೊಸದಾಗಿ ಬಂದವರಿರಬಹುದು. “ನನ್ನ ಖಾತೆಗೆ ಹಣ ಜಮೆಯಾಗಿಲ್ಲ” ಎಂದರೆ ಪಾಸ್‌ಬುಕ್ ತೆರೆದು ತೋರಿಸಬಹುದಾದ ಸಂಗತಿಯಾಗುತ್ತದೆ. ಅದಕ್ಕೆ ಎದುರುವಾದವಿಲ್ಲ. ಇನ್ನು ಕೋರಿಕೆಯನ್ನು ಮಾತ್ರ ಜನರಿಗೇ ಹೇಳಬೇಕು, “ತಾವು” ಎಂದು ಕರೆದೇ ಹೇಳಬೇಕು. ಕೊರತೆಯನ್ನು ಹೇಳುವಾಗ ಸಂಗತಿ, ಕೆಲಸ ಕೇಳುವಾಗ ವ್ಯಕ್ತಿ. ಇದನ್ನು ನೆನಪಿಟ್ಟರೆ ಪತ್ರ ಅರ್ಧ ಬರೆದಂತೆ.

ಬಹುವಚನದ ಗೌರವವನ್ನು ಮೇಲಿನವರಿಗೆ ಮಾತ್ರ ಕೊಟ್ಟು ಕೆಳಗಿನವರಿಗೆ ಕೊಡದಿರುವುದೂ ನಮ್ಮ ರೂಢಿ. “ವ್ಯವಸ್ಥಾಪಕರು ಹೇಳಿದರು, ಫೀಲ್ಡ್‌ಮನ್ ಬಂದಿದ್ದ” ಎಂದು ಬರೆಯುತ್ತೇವೆ. ತೂಕದ ಮನೆಯ ಗುಮಾಸ್ತರಾಗಲಿ, ತೋಟಕ್ಕೆ ಬಂದ ಫೀಲ್ಡ್‌ಮನ್ ಆಗಲಿ, “ಬಂದಿದ್ದರು” ಎಂದೇ ಬರೆಯಿರಿ. ನಿಮ್ಮ ಪತ್ರ ಕಡತದಲ್ಲಿ ಸೇರಿ ಮೇಲಕ್ಕೆ ಹೋಗುವುದು ಅವರ ಕೈಯಿಂದಲೇ. ನಿಮ್ಮ ಹೆಸರಿನ ಹಿಂದೆ ಮಾತ್ರ ನೀವೇ ‘ಶ್ರೀ’ ಹಾಕಿಕೊಳ್ಳಬೇಡಿರಿ. ಅದನ್ನು ಉತ್ತರ ಬರೆಯುವವರು ಹಾಕುತ್ತಾರೆ.

ಸಂಬೋಧನೆಗೆ ‘ಮಾನ್ಯರೇ’ ಸಾಕು. ‘ಘನ’ ಎಂಬುದು ನ್ಯಾಯಾಲಯಕ್ಕೆ, ‘ಸನ್ಮಾನ್ಯ’ ಎಂಬುದು ಮಂತ್ರಿಗಳಿಗೆ, ‘ಪೂಜ್ಯ’ ಎಂಬುದು ಸ್ವಾಮಿಗಳಿಗೆ, ‘ತೀರ್ಥರೂಪ’ ಎಂಬುದು ತಂದೆಗೆ ಎಂದು ರೂಢಿ ಹಂಚಿಕೊಟ್ಟಿದೆ. ‘ಮಾನ್ಯರೇ’ ಎಂಬುದಕ್ಕೆ ಇನ್ನೊಂದು ಅನುಕೂಲವಿದೆ. ಕುರ್ಚಿಯಲ್ಲಿರುವವರು ಗಂಡಸೋ ಹೆಂಗಸೋ ಎಂದು ತಿಳಿಯದಿದ್ದರೂ ಅದು ಸಲ್ಲುತ್ತದೆ. ಕೊನೆಯಲ್ಲಿ ‘ತಮ್ಮ ವಿಶ್ವಾಸಿ’ ಎಂದಿರಲಿ. ‘ತಮ್ಮ ವಿಧೇಯ’ ಎಂಬುದು ವಿದ್ಯಾರ್ಥಿ ಶಾಲೆಗೆ, ನೌಕರ ಮೇಲಧಿಕಾರಿಗೆ ಬರೆಯುವ ಮಾತು. ಕಬ್ಬು ಮಾರಿದವರು ಯಾರ ವಿಧೇಯರೂ ಅಲ್ಲ.

ಪದಗಳು ಎಷ್ಟು ದೊಡ್ಡವಿರಬೇಕು ಎಂದು ಕೇಳಬಹುದು. ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. 1963ರಲ್ಲಿ ಬಂದ ಅಧಿಕೃತ ಭಾಷಾ ಕಾಯಿದೆ ರಾಜ್ಯದ ಆಡಳಿತ ಭಾಷೆಯಾಗಿ ಕನ್ನಡವನ್ನು ಗೊತ್ತುಮಾಡಿತು. ಹಳೆಯ ಕಾಲ ಹೋದರೂ ಅರ್ಜಿ, ಬಾಕಿ, ಜಮಾ, ವಸೂಲಿ, ರಸೀದಿ, ತಾರೀಖು, ಸಹಿ ಎಂಬ ಅರಬ್ಬಿ, ಫಾರ್ಸಿ ಮೂಲದ ಮಾತುಗಳು ನಮ್ಮ ಕನ್ನಡವೇ ಆಗಿ ಉಳಿದವು. ಇವು ಎಲ್ಲರಿಗೂ ಒಂದೇ ಅರ್ಥ ಕೊಡುವ ಗಟ್ಟಿ ಪದಗಳು. ‘ಬಾಕಿ’ ಎಂದು ಬರೆಯಲು ಸಂಕೋಚಪಟ್ಟು ಸಂಸ್ಕೃತದ ದೊಡ್ಡ ಪದ ಹುಡುಕಬೇಕಾಗಿಲ್ಲ.

ನಿಮ್ಮ ಊರಿನ ವಿಳಾಸದಲ್ಲಿರುವ ‘(ಬಿ)’ ಕೂಡ ಆ ಕಾಲದ್ದೆ. ನಮ್ಮ ಜಿಲ್ಲೆಯ ಊರ ಹೆಸರುಗಳಲ್ಲಿ ‘ಬಿ’ ಎಂದರೆ ಬುಜುರ್ಗ್, ಹಿರಿದು. ‘ಕೆ’ ಎಂದರೆ ಖುರ್ದ್, ಕಿರಿದು. ಒಂದೇ ಹೆಸರಿನ ಊರುಗಳನ್ನು ಬೇರೆಮಾಡಿ ಗುರುತಿಸಲು ಇಟ್ಟ ಗುರುತು ಅದು. ಗೊಬ್ಬೂರ (ಬಿ) ಎಂದು ಪೂರ್ತಿ ಬರೆಯಿರಿ. ಆ ಒಂದು ಅಕ್ಷರ ಬಿಟ್ಟರೆ ಕಾಗದ ಬೇರೆ ಊರು ಸುತ್ತಬಹುದು.

ಈಗ ಲೆಕ್ಕ ಹಾಕಿ ಒಂದು ಪತ್ರ ಬರೆಯೋಣ. ರೈತರೊಬ್ಬರು ಮೂರು ಲೋಡು ಕಬ್ಬು ಕಳಿಸಿದರೆಂದು ಇಟ್ಟುಕೊಳ್ಳಿ. ಕೊನೆಯ ಲೋಡು ತೂಕವಾದದ್ದು 2025ರ ಜನವರಿ 8ರಂದು. ಬರಬೇಕಾದ ಬಾಕಿ 1,46,000 ರೂಪಾಯಿ. ಬೇರೆ ಒಪ್ಪಂದವಿಲ್ಲ. ಹದಿನಾಲ್ಕು ದಿನ ಜನವರಿ 22ಕ್ಕೆ ಮುಗಿಯಿತು. ಫೆಬ್ರುವರಿ 5ರಂದು ಮೊದಲ ಪತ್ರ ಕೊಟ್ಟರು. ಈಗ ಫೆಬ್ರುವರಿ 25. ಜನವರಿ 23ರಿಂದ ಎಣಿಸಿದರೆ ಜನವರಿಯಲ್ಲಿ 9 ದಿನ, ಫೆಬ್ರುವರಿಯಲ್ಲಿ 25 ದಿನ, ಒಟ್ಟು 34 ದಿನ. 1,46,000ಕ್ಕೆ ಶೇಕಡಾ 15ರಂತೆ ವರ್ಷದ ಬಡ್ಡಿ 21,900 ರೂಪಾಯಿ. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 60 ರೂಪಾಯಿ. ಹಾಗಾದರೆ 34 ದಿನಕ್ಕೆ 2,040 ರೂಪಾಯಿ. ಮೊದಲ ಎರಡು ಲೋಡಿನ ತಾರೀಖು ಹಿಂದಿನದಾದ್ದರಿಂದ ನಿಜವಾದ ಬಡ್ಡಿ ಸ್ವಲ್ಪ ಹೆಚ್ಚಾಗುತ್ತದೆ. ಆದರೆ ಕೊನೆಯ ಲೋಡಿನಿಂದ ಎಣಿಸಿದ ಲೆಕ್ಕ ಸರಳ, ಯಾರೂ ಅದನ್ನು ಹೆಚ್ಚಾಯಿತೆಂದು ಅಲ್ಲಗಳೆಯಲಾರರು.

ಪತ್ರ ಹೀಗೆ:

ದಿನಾಂಕ: 25-2-2025

ಇವರಿಂದ:
(ಹೆಸರು, ತಂದೆಯ ಹೆಸರು)
ಕಬ್ಬು ಬೆಳೆಗಾರ, ಕೋಡ್ ನಂಬರ್ (——)
ಗೊಬ್ಬೂರ (ಬಿ), ತಾ. ಅಫಜಲಪುರ, ಜಿ. ಕಲಬುರಗಿ

ಇವರಿಗೆ:
ಪ್ರಧಾನ ವ್ಯವಸ್ಥಾಪಕರು, ಕಬ್ಬು ವಿಭಾಗ
(ಕಾರ್ಖಾನೆಯ ಹೆಸರು, ವಿಳಾಸ)

ಮಾನ್ಯರೇ,

ವಿಷಯ: ಕಬ್ಬಿನ ಬಾಕಿ ಹಣ 1,46,000 ರೂ. ಪಾವತಿ ಕುರಿತು ನೆನಪೋಲೆ.
ಉಲ್ಲೇಖ: ನನ್ನ 5-2-2025ರ ಪತ್ರ, ತಮ್ಮ ಕಚೇರಿಯ ಆವಕ ಸಂಖ್ಯೆ (——).

ಮೇಲಿನ ವಿಷಯಕ್ಕೆ ಸಂಬಂಧಿಸಿ ಉಲ್ಲೇಖದ ಪತ್ರದ ಕಡೆಗೆ ತಮ್ಮ ಗಮನ ಸೆಳೆಯಬಯಸುತ್ತೇನೆ. ನಾನು ಮೂರು ಲೋಡು ಕಬ್ಬು ಪೂರೈಸಿದ್ದು, ಕೊನೆಯ ಲೋಡಿನ ತೂಕ 8-1-2025ರಂದು ಆಗಿರುತ್ತದೆ. ಇದರ ಬಾಬ್ತು ಬರಬೇಕಾದ 1,46,000 ರೂ. (ಒಂದು ಲಕ್ಷ ನಲವತ್ತಾರು ಸಾವಿರ ರೂಪಾಯಿ) ಇಂದಿನವರೆಗೆ ನನ್ನ ಖಾತೆಗೆ ಜಮೆಯಾಗಿಲ್ಲ. ಉಲ್ಲೇಖದ ಪತ್ರಕ್ಕೆ ಉತ್ತರವೂ ಬಂದಿಲ್ಲ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನಗಳ ಅವಧಿ 22-1-2025ಕ್ಕೆ ಮುಗಿದಿದ್ದು, ಅಲ್ಲಿಂದ ಈವರೆಗಿನ 34 ದಿನಗಳಿಗೆ ಶೇಕಡಾ 15ರಂತೆ 2,040 ರೂ. ಬಡ್ಡಿಯಾಗುತ್ತದೆ.

ಆದ್ದರಿಂದ ತಾವು ಬಾಕಿ ಹಣವನ್ನು ಬಡ್ಡಿ ಸಹಿತ 7-3-2025ರೊಳಗೆ ಪಾವತಿಸಬೇಕೆಂದು, ಲೆಕ್ಕದಲ್ಲಿ ವ್ಯತ್ಯಾಸವಿದ್ದರೆ ಅಥವಾ ಪಾವತಿಗೆ ತಡವಾಗುವುದಿದ್ದರೆ ಬಾಕಿ ಮೊತ್ತ ಮತ್ತು ಪಾವತಿಯ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಮೂರು ತೂಕದ ಚೀಟಿಗಳ ನಕಲು, 5-2-2025ರ ಪತ್ರದ ನಕಲು, ಪಾಸ್‌ಬುಕ್ ಪುಟದ ನಕಲು.

ಪತ್ರ ಇಷ್ಟೆ, ಒಂದೇ ಹಾಳೆ. ಇದರಲ್ಲಿ ‘ದಯೆ’ ಎಂಬ ಮಾತಿಲ್ಲ, ಆದರೆ ಎಲ್ಲಿಯೂ ಒರಟುತನವಿಲ್ಲ. ಮನೆಯ ಕಷ್ಟ, ಮಗಳ ಮದುವೆ, ಸೊಸೈಟಿಯ ಸಾಲ ಇವೆಲ್ಲ ನಿಜವೇ ಇರಬಹುದು. ಅವನ್ನು ಬರೆದರೆ ಬರಬೇಕಾದ ಹಣ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಕಷ್ಟವಿಲ್ಲದ ರೈತನಿಗೂ ಹದಿನಾಲ್ಕನೆಯ ದಿನ ಹಣ ಬರಬೇಕು ಎಂಬ ಮಾತು ಮಾತ್ರ ಮಸುಕಾಗುತ್ತದೆ. ಕೆಲವು ಕಾರ್ಖಾನೆಗಳ ಮೇಲಧಿಕಾರಿಗಳು ಹೊರರಾಜ್ಯದವರಿದ್ದು, ಅವರಿಗೆ ಪತ್ರವನ್ನು ಇನ್ನೊಬ್ಬರು ಓದಿ ಹೇಳಬೇಕಾಗುತ್ತದೆ. ಸಣ್ಣ ವಾಕ್ಯ, ಅಂಕಿಯಲ್ಲಿ ಬರೆದ ತಾರೀಖು ಇದ್ದರೆ ಹೇಳುವವರ ಬಾಯಲ್ಲಿ ಅರ್ಥ ಕೆಡುವುದಿಲ್ಲ.

ಪತ್ರ ಕೊಡುವ ರೀತಿಯೂ ಪತ್ರದ ಭಾಗವೇ. ಎರಡು ಪ್ರತಿ ಬರೆಯಿರಿ. ಒಂದನ್ನು ಕಾರ್ಖಾನೆಯ ಟಪಾಲು ತೆಗೆದುಕೊಳ್ಳುವಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಉಲ್ಲೇಖದ ಸಾಲಿನಲ್ಲಿ ಬರೆಯಬೇಕಾದ ಸಂಖ್ಯೆ ಇದೇ. ಮೊದಲ ಪತ್ರವನ್ನು ಕೈಯಿಂದ ಕೈಗೆ ಕೊಟ್ಟು ಬಂದವರಿಗೆ ಉಲ್ಲೇಖದ ಸಾಲು ಬರೆಯುವಾಗ ಕೈ ನಿಲ್ಲುತ್ತದೆ. ಉಲ್ಲೇಖವಿಲ್ಲದ ನೆನಪೋಲೆ ಮತ್ತೊಂದು ಮೊದಲ ಪತ್ರವಾಗಿಬಿಡುತ್ತದೆ. ಮೊಹರು ಹಾಕಲು ಒಪ್ಪದಿದ್ದರೆ ಜಗಳ ಬೇಡ. ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳಿಸಿ, ಆ ರಸೀದಿ ಜೋಪಾನ ಮಾಡಿರಿ. ಮೊಬೈಲಿನಲ್ಲಿ ಸಂದೇಶ ಕಳಿಸುವುದು ತಪ್ಪಲ್ಲ, ಆದರೆ ಅದು ಈ ಕಾಗದದ ಬದಲಿಗೆ ಆಗುವುದಿಲ್ಲ.

ಹೇಳಿದ ದಿನ ಕಳೆದರೂ ಉತ್ತರವಿಲ್ಲದಿದ್ದರೆ ಮೂರನೆಯ ಪತ್ರ. ಆಗ ‘ಕೋರುತ್ತೇನೆ’ ಎಂಬಲ್ಲಿ ‘ಒತ್ತಾಯಿಸುತ್ತೇನೆ’ ಬರಲಿ. ಕೆಳಗೆ ಪ್ರತಿಗಳ ಸಾಲಿನಲ್ಲಿ ಜಿಲ್ಲಾಧಿಕಾರಿಗಳು, ಕಬ್ಬು ಅಭಿವೃದ್ಧಿ ಆಯುಕ್ತರು ಎಂದು ಸೇರಲಿ. ಬೆದರಿಕೆಯ ಮಾತು ಆಗಲೂ ಬೇಕಿಲ್ಲ, ಆ ಎರಡು ಹೆಸರುಗಳೇ ಸಾಕು. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸುವ ದಾರಿ ಇರುವುದು ಆ ಕಚೇರಿಗಳ ಮೂಲಕ. ನಮ್ಮ ಪತ್ರಕ್ಕೆ ತಾನಾಗಿ ವಸೂಲಿ ಮಾಡುವ ಬಲವಿಲ್ಲ. ಅಲ್ಲಿಗೆ ಹೋದಾಗ ತೋರಿಸಲು ಬೇಕಾದ ದಾಖಲೆ ಅದು.

ಕೊನೆಯದಾಗಿ, ಪತ್ರದಲ್ಲಿ “ಬಾಕಿ ಮೊತ್ತ ಮತ್ತು ಪಾವತಿಯ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕು” ಎಂದು ಯಾಕೆ ಸೇರಿಸಿದೆ ಎಂದು ಹೇಳಿ ಮುಗಿಸುತ್ತೇನೆ. ಮಾರಿದ ಮಾಲಿನ ಹಣಕ್ಕೆ ನ್ಯಾಯಾಲಯಕ್ಕೆ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಅವಧಿ. ನಾವು ಹತ್ತು ನೆನಪೋಲೆ ಬರೆದರೂ ಆ ಅವಧಿ ಒಂದು ದಿನವೂ ಬೆಳೆಯುವುದಿಲ್ಲ. ಪತ್ರ ಬರೆಯುತ್ತಲೇ ಇದ್ದೇನೆ, ನನ್ನ ಹಕ್ಕು ಎಲ್ಲಿಗೆ ಹೋದೀತು ಎಂದು ಕುಳಿತವರು ಇಲ್ಲಿ ಸೋಲುತ್ತಾರೆ. ಆದರೆ ಆ ಮೂರು ವರ್ಷದೊಳಗೆ ಕಾರ್ಖಾನೆಯ ಕಡೆಯಿಂದ ‘ಇಷ್ಟು ಹಣ ಬಾಕಿ ಇದೆ’ ಎಂದು ಸಹಿ ಮಾಡಿದ ಒಂದು ಸಾಲು ಬಂದರೆ, 1963ರ ಕಾಲಮಿತಿ ಕಾಯಿದೆಯ ಪ್ರಕಾರ ಆ ಸಹಿಯ ದಿನದಿಂದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಹಣ ಬಂದರೆ ಸರಿ. ಬಾರದಿದ್ದರೆ ಆ ಒಂದು ಸಾಲಾದರೂ ಬರಬೇಕು. ಅದನ್ನು ಬರೆದು ಕೊಡಲು ಅವರಿಗೆ ಅಡ್ಡಿಯಾಗದಂಥ ಭಾಷೆಯಲ್ಲಿ ನಾವು ಕೇಳಿರಬೇಕು. ಪತ್ರದಲ್ಲಿ ವಿನಯ ಇಡುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ತೂಕದ ಚೀಟಿಗಳು ಮನೆಯಲ್ಲಿ ಎಲ್ಲಿವೆ ಎಂದು ಇವತ್ತೇ ಒಮ್ಮೆ ನೋಡಿಕೊಳ್ಳಿರಿ.